ಹುಳದ ಎಂಜಲು

ಸಿರುಗುಪ್ಪದ ಕಡೆ ನಮ್ಮ ಕಾಕಾನದು ಮೂರು ಎಕರೆ ಮೆಣಸಿನಕಾಯಿ ಹೊಲ. ನಾಟಿ ಮಾಡಿ 40 ದಿನ ಆಗಿತ್ತು. ಒಂದು ದಿನ ಬೆಳಗಾಗುವ ಹೊತ್ತಿಗೇ ಫೋನ್ ಮಾಡಿದ.

"ತಮ್ಮಾ, ಎಲಿ ಎಲ್ಲಾ ಮುದುಡ್ಯಾವು. ಎಂಟು ದಿನದಾಗ ಎರಡು ಸಲ ಎಣ್ಣಿ ಹೊಡದೀನಿ, ಒಂದೀಟೂ ಫರಕ್ ಬಿದ್ದಿಲ್ಲ. ನೀ ಹುಳದ ಬಗ್ಗೆನೇ ಓದಿದಾವ, ಬಂದು ಒಂದ್ಸಲ ನೋಡು."

ನಮ್ಮ ಕಡೆ ಎಣ್ಣಿ ಅಂದರೆ ಕೀಟನಾಶಕ. ಹೋಗಿ ಬಾಟಲಿ ನೋಡಿದೆ. ಅಂಗಡಿಯವರು ಕೊಟ್ಟಿದ್ದು ಕಾಯಿಕೊರಕಕ್ಕೆ ಹೊಡೆಯುವ ಔಷಧಿ. ಎಲೆಯ ಮೇಲೆ ಬಿದ್ದಿರುತ್ತದೆ, ಹುಳ ಎಲೆಯನ್ನು ಕಡಿದು ತಿಂದರೆ ಹೊಟ್ಟೆಗೆ ಹೋಗುತ್ತದೆ, ಸಾಯುತ್ತದೆ. ಆದರೆ ಕಾಕಾನ ಹೊಲದ ಎಲೆಗಳಲ್ಲಿ ಒಂದು ತೂತೂ ಇರಲಿಲ್ಲ. ಅಂಚು ಕಡಿದ ಗುರುತೂ ಇರಲಿಲ್ಲ. ಕಡಿಯುವ ಬಾಯಿಯೇ ಇಲ್ಲದ ಹುಳಕ್ಕೆ ತಿಂದು ಸಾಯುವ ವಿಷ ಹಾಕಿದ್ದ.

"ಕಾಕಾ, ಹುಳಕ್ಕ ಎಣ್ಣಿ ತರೂಕಿಂತ ಮೊದಲ ಅದರ ಬಾಯಿ ನೋಡಬೇಕು" ಅಂದೆ. ಅವನು ನಕ್ಕ. ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರಲ್ಲ, ಅದು ನೆನಪಾಗಿರಬೇಕು.

ನಾನು ಹೇಳಿದ್ದು ತಮಾಷೆಗಲ್ಲ. ಬಾಯಿ ನೋಡಿದರೆ ಯಾವ ಔಷಧಿ ನಾಟುತ್ತದೆ ಎನ್ನುವುದಷ್ಟೇ ಅಲ್ಲ, ಆ ಹುಳ ರೋಗ ಹಬ್ಬಿಸಬಲ್ಲದೇ, ಹಬ್ಬಿಸಿದರೆ ಹೇಗೆ ಎನ್ನುವುದೂ ತಿಳಿಯುತ್ತದೆ. ಅದಕ್ಕೆ ಹೊಸ ಪಾರಿಭಾಷಿಕ ಶಬ್ದವೇನೂ ಬೇಕಿಲ್ಲ. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಸಾಕು: ಎಂಜಲು. ಯಾರ ಬಾಯಿ ಎಲ್ಲಿ ತಾಗಿತು, ಅದರ ಜೊಲ್ಲು ಎಲ್ಲಿ ಉಳಿಯಿತು? ಮನುಷ್ಯರ ವಿಷಯದಲ್ಲಿ ಈ ಲೆಕ್ಕವನ್ನು ನಾವು ಅತಿಯಾಗಿ ಇಟ್ಟಿದ್ದೇವೆ. ಹುಳಗಳ ವಿಷಯದಲ್ಲಿ ಇಟ್ಟೇ ಇಲ್ಲ.

ಮೊದಲು ಮಿಡತೆಯ ಬಾಯಿ ನೋಡೋಣ. ತರಗತಿಯಲ್ಲಿ ನಾನು ಶುರು ಮಾಡುವುದೂ ಅಲ್ಲಿಂದಲೇ. ಸತ್ತ ಮಿಡತೆಯ ತಲೆ ಹಿಡಿದು ಗುಂಡುಸೂಜಿಯಿಂದ ಒಂದೊಂದೇ ಭಾಗ ಬಿಡಿಸಿ ಬಿಳಿ ಹಾಳೆಯ ಮೇಲಿಡಬಹುದು. ಮುಂದೆ ಮುಚ್ಚಳದಂತೆ ಒಂದು ಮೇಲ್ದುಟಿ. ಅದನ್ನು ಎತ್ತಿದರೆ ಒಳಗೆ ಎರಡು ಗಟ್ಟಿ ದವಡೆ, ಕಪ್ಪಗೆ, ಹಲ್ಲುಹಲ್ಲಾಗಿ. ಅವು ನಮ್ಮ ದವಡೆಯ ಹಾಗೆ ಮೇಲೆ ಕೆಳಗೆ ಆಡುವುದಿಲ್ಲ, ಅಡಕೊತ್ತಿನ ಹಾಗೆ ಪಕ್ಕದಿಂದ ಪಕ್ಕಕ್ಕೆ ಆಡುತ್ತವೆ. ಅವುಗಳ ಹಿಂದೆ ತುತ್ತು ಹಿಡಿದುಕೊಳ್ಳಲು ಇನ್ನೊಂದು ಜೋಡಿ ಚಿಕ್ಕ ದವಡೆ. ಅದರ ಹಿಂದೆ ಕೆಳದುಟಿ. ನಡುವೆ ನಾಲಿಗೆಯಂಥ ಒಂದು ಮೆತ್ತನೆ ಗಡ್ಡೆ. ಅದರ ಬುಡದಲ್ಲಿ ಜೊಲ್ಲಿನ ನಾಳ ಬಂದು ತೆರೆಯುತ್ತದೆ.

ಈ ಐದು ಸಾಮಾನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಸೊಳ್ಳೆಯ ಸೂಜಿ, ಚಿಟ್ಟೆಯ ಸುರುಳಿ, ನೊಣದ ಸ್ಪಂಜು, ಬಿಳಿನೊಣದ ಕೂದಲಿನಂಥ ಕೊಳವೆ, ಎಲ್ಲವೂ ಇದೇ ಸಾಮಾನಿನಿಂದ ಆದವು. ಒಂದರಲ್ಲಿ ದವಡೆ ಎಳೆದು ಸೂಜಿಯಾಗಿದೆ, ಇನ್ನೊಂದರಲ್ಲಿ ದವಡೆ ಕಳೆದೇ ಹೋಗಿ ಕೆಳದುಟಿ ಉಬ್ಬಿದೆ.

ಕಡಿದು ಅಗಿಯುವ ಬಾಯಿ ರೋಗದ ಮಟ್ಟಿಗೆ ಅಷ್ಟು ಚುರುಕಲ್ಲ. ರಾಯಚೂರಿನ ಹತ್ತಿ ಹೊಲಗಳನ್ನು ಹಾಳು ಮಾಡಿದ ಗುಲಾಬಿ ಕಾಯಿಕೊರಕ ತಿಂದು ನಷ್ಟ ಮಾಡುತ್ತದೆ, ಆದರೆ ಗಿಡದಿಂದ ಗಿಡಕ್ಕೆ ರೋಗ ಹೊತ್ತು ತಿರುಗುವ ಹುಳ ಅದಲ್ಲ. ಎಲೆ ತಿನ್ನುವ ಕೆಲವು ದುಂಬಿಗಳು ತಿನ್ನುವಾಗ ವಾಂತಿ ಮಾಡಿಕೊಂಡು ಕೆಲವು ವೈರಸ್ ದಾಟಿಸುತ್ತವೆ. ಆದರೆ ಅಗಿಯುವ ಬಾಯಿ ಜೀವಕೋಶಗಳನ್ನು ಜಜ್ಜಿ ಕೊಂದುಬಿಡುತ್ತದೆ. ಹೆಚ್ಚಿನ ವೈರಸ್‌ಗಳಿಗೆ ಬೇಕಾದದ್ದು ಬದುಕಿರುವ ಕೋಶ. ಮನೆಯ ಜಿರಳೆಯದೂ ಕಡಿಯುವ ಬಾಯಿಯೇ. ಅದು ತರುವ ರೋಗಾಣು ಕಾಲಿಗೆ ಮೆತ್ತಿಕೊಂಡದ್ದು, ಹಿಕ್ಕೆಯಲ್ಲಿ ಬಿದ್ದದ್ದು, ತಿಂದದ್ದನ್ನು ಕಕ್ಕಿದ್ದು.

ಇಲ್ಲಿಯೇ ಒಂದು ಮಾತು. ಬಿಟಿ ಹತ್ತಿ ಹಾಕಿದ ಮೇಲೂ ಬಿಳಿನೊಣ, ಜಿಗಿಹುಳು ಯಾಕೆ ಸಾಯುವುದಿಲ್ಲ ಎಂದು ರೈತರು ಕೇಳುತ್ತಾರೆ. ಬಿಟಿ ವಿಷ ಕೆಲಸ ಮಾಡುವುದು ಗಿಡವನ್ನು ಕಡಿದು ತಿನ್ನುವ ಕೀಡೆಗಳ ಕರುಳಿನ ಮೇಲೆ. ರಸ ಹೀರುವ ಹುಳ ಆ ಲೆಕ್ಕದಲ್ಲೇ ಬರುವುದಿಲ್ಲ. ಅಲ್ಲಿಯೂ ಮೊದಲು ಕೇಳಬೇಕಾದದ್ದು ಬಾಯಿಯ ಪ್ರಶ್ನೆ.

ಈಗ ಕಾಕಾನ ಹೊಲಕ್ಕೆ ಬರೋಣ. ಬೆಳಗಿನ ತಂಪಿನಲ್ಲಿ ಹುಳಗಳು ಇನ್ನೂ ಮಂಕಾಗಿರುತ್ತವೆ. ಎಲೆಯನ್ನು ಮೆಲ್ಲಗೆ ತಿರುಗಿಸಿದರೆ ಅಡಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆಗಳು ಕೂತಿರುತ್ತವೆ. ಗಿಡ ಅಲುಗಿದರೆ ಬೂದಿಯ ಹಾಗೆ ಹಾರಿ ಮತ್ತೆ ಕೂರುತ್ತವೆ. ಇದು ಬಿಳಿನೊಣ. ಹೆಸರು ನೊಣ ಅಂತಿದ್ದರೂ ನೊಣದ ಜಾತಿಯಲ್ಲ, ಗಿಡಹೇನು, ತಿಗಣೆಗಳ ಕುಲಕ್ಕೆ ಸೇರಿದ್ದು. ಮೈ ಒಂದು ಮಿಲಿಮೀಟರ್ ಆದರೆ ಹೆಚ್ಚು. ಅದರ ಬಾಯಿಸೂಜಿ ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು.

ಅಷ್ಟು ತೆಳುವಿನೊಳಗೂ ಅದು ಒಂದೇ ಸೂಜಿಯಲ್ಲ, ನಾಲ್ಕು ಎಳೆಗಳ ಕಟ್ಟು. ಹೊರಗಿನ ಎರಡು ಎಳೆ ಮಿಡತೆಯಲ್ಲಿ ಕಡಿಯುತ್ತಿದ್ದ ಆ ಕಪ್ಪು ದವಡೆಗಳೇ. ಒಳಗಿನ ಎರಡು, ಹಿಂದಿನ ಚಿಕ್ಕ ದವಡೆಗಳು. ಒಳಗಿನ ಈ ಎರಡೂ ಒಂದಕ್ಕೊಂದು ಕಚ್ಚಿಕೊಂಡು ನಡುವೆ ಎರಡು ಕಾಲುವೆ ಬಿಡುತ್ತವೆ. ಒಂದರಲ್ಲಿ ಗಿಡದ ರಸ ಮೇಲಕ್ಕೆ ಬರುತ್ತದೆ. ಇನ್ನೊಂದರಲ್ಲಿ ಹುಳದ ಜೊಲ್ಲು ಕೆಳಕ್ಕೆ ಹೋಗುತ್ತದೆ. ತುಂಗಭದ್ರೆಯ ನೀರು ಕುಡಿಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಕ್ಕೆ ನೀರು ತರುವ ಕಾಲುವೆ ಬೇರೆ, ಹೆಚ್ಚಾದ ನೀರು ಹೋಗುವ ಬಸಿಗಾಲುವೆ ಬೇರೆ.

ರೋಗದ ಗುಟ್ಟು ಇರುವುದು ಎರಡನೆಯ ಕಾಲುವೆಯಲ್ಲಿ. ಹೀರುವುದರಿಂದ ಗಿಡ ಬಡವಾಗುತ್ತದೆ, ಅಷ್ಟೇ. ರೋಗ ಬರುವುದು ಜೊಲ್ಲಿನಿಂದ.

ಬಿಳಿನೊಣ ಎಲೆಯ ಅಡಿ ಕೂತು ಸೂಜಿ ಇಳಿಸುತ್ತದೆ. ಇಳಿಸುತ್ತಾ ಮೊದಲು ಒಂದು ಬಗೆಯ ಗಟ್ಟಿ ಜೊಲ್ಲು ಬಿಡುತ್ತದೆ, ಅದು ಹೆಪ್ಪುಗಟ್ಟಿ ಸೂಜಿಯ ಸುತ್ತ ಕೊಳವೆಯಾಗುತ್ತದೆ. ಕೊಳವೆಬಾವಿ ಕೊರೆದಂತೆ ಕೇಸಿಂಗ್ ಇಳಿಸಿಕೊಂಡೇ ಹೋಗುತ್ತದೆ ಅನ್ನಿ. ಕೋಶಗಳನ್ನು ಒಡೆಯುವುದಿಲ್ಲ, ಅವುಗಳ ನಡುವಿನ ಸಂದಿಯಲ್ಲೇ ದಾರಿ ಮಾಡಿಕೊಂಡು ಸಕ್ಕರೆ ರಸ ಹರಿಯುವ ನಾಳದವರೆಗೆ ಹೋಗುತ್ತದೆ. ಅಲ್ಲಿ ಮುಟ್ಟಿದ ಮೇಲೆ ತೆಳು ಜೊಲ್ಲು ಬಿಟ್ಟು ಹೀರಲು ಶುರು ಮಾಡುತ್ತದೆ. ಒಂದು ಕೋಶವನ್ನೂ ಕೊಲ್ಲದೆ ಗಿಡದ ನಾಳಕ್ಕೇ ನಲ್ಲಿ ಜೋಡಿಸಿದ ಹಾಗೆ. ವೈರಸ್‌ಗೆ ಇದಕ್ಕಿಂತ ಒಳ್ಳೆಯ ಸವಾರಿ ಸಿಕ್ಕುವುದಿಲ್ಲ. ಜಜ್ಜದ, ಬದುಕಿರುವ ಕೋಶಕ್ಕೆ, ಗಿಡದ ಮೈಯೆಲ್ಲ ಹರಿಯುವ ರಸದೊಳಕ್ಕೆ, ನೇರವಾಗಿ ಇಳಿಸುತ್ತದೆ.

ಮೆಣಸಿನಗಿಡದ ಎಲೆ ಮುರುಟು ರೋಗದ ವೈರಸ್ ಹಬ್ಬುವುದು ಹೀಗೆ. ಬೆಂಡೆಯ ಹಳದಿ ನಂಜು ರೋಗವೂ ಅಷ್ಟೇ, ಅದನ್ನು ಹೊರುವುದೂ ಬಿಳಿನೊಣವೇ. ಆದರೆ ರೋಗದ ಗಿಡದಿಂದ ಎದ್ದು ಪಕ್ಕದ ಗಿಡದ ಮೇಲೆ ಕೂತ ಕೂಡಲೇ ರೋಗ ದಾಟುವುದಿಲ್ಲ. ಹೀರಿದ ವೈರಸ್ ಮೊದಲು ಹೊಟ್ಟೆಗೆ ಹೋಗಬೇಕು. ಕರುಳಿನ ಗೋಡೆ ದಾಟಿ ಹುಳದ ನೆತ್ತರಿಗೆ ಇಳಿಯಬೇಕು. ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಸೇರಬೇಕು. ಈ ಸುತ್ತು ಮುಗಿಯಲು ತಾಸುಗಟ್ಟಲೆ ಬೇಕು, ಸಾಮಾನ್ಯವಾಗಿ ಎಂಟು ತಾಸಿನ ಮೇಲೆ. ಒಮ್ಮೆ ಜೊಲ್ಲಿಗೆ ಬಂತೋ, ವಾರಗಟ್ಟಲೆ, ಹಲವು ಸಲ ಹುಳ ಸಾಯುವ ತನಕ, ಅದು ಮುಟ್ಟಿದ್ದೆಲ್ಲ ಎಂಜಲೇ.

ಗಿಡಹೇನಿನ ಲೆಕ್ಕ ಬೇರೆ. ಅದರ ಬಾಯಿಯೂ ನಾಲ್ಕು ಎಳೆಯ ಸೂಜಿಯೇ. ಆದರೆ ಮೆಣಸಿನಗಿಡದಲ್ಲಿ ಎಲೆ ಬಣ್ಣಬಣ್ಣವಾಗುವ ಮೊಸಾಯಿಕ್ ರೋಗದ ವೈರಸ್ ಅದರ ಹೊಟ್ಟೆಗೆ ಹೋಗಿ ಸುತ್ತು ಹಾಕುವುದಿಲ್ಲ, ಸೂಜಿಯ ತುದಿಗೆ ಅಂಟಿಕೊಳ್ಳುತ್ತದೆ. ಹೇನು ಯಾವ ಗಿಡದ ಮೇಲೆ ಕೂತರೂ ಮೊದಲು ರುಚಿ ನೋಡಲು ಮೇಲುಮೇಲೆ ಒಂದು ಚುಚ್ಚು ಚುಚ್ಚುತ್ತದೆ. ಒಂದು ನಿಮಿಷವೂ ಬೇಡ, ಅಷ್ಟರಲ್ಲಿ ವೈರಸ್ ಹತ್ತಿಕೊಳ್ಳುತ್ತದೆ. ಮುಂದಿನ ಗಿಡದಲ್ಲಿ ಇನ್ನೊಂದು ಚುಚ್ಚು, ಅಲ್ಲಿಗೆ ದಾಟಿತು. ಔಷಧಿ ಹೊಡೆದ ಗಿಡವಾದರೂ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಆದರೆ ಹೀಗೆ ಹತ್ತಿದ್ದು ಉಳಿಯುವುದೂ ಇಲ್ಲ. ನಾಲ್ಕು ಕಡೆ ಚುಚ್ಚಿದರೆ ತುದಿ ಒರೆಸಿಹೋಗುತ್ತದೆ.

ಮೆಣಸಿನ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಹಾಕಿ ಎಂದು ಹೇಳುವುದರ ಹಿಂದೆ ಇದೇ ಇದೆ. ಹೊರಗಿನಿಂದ ಹಾರಿ ಬಂದ ಹೇನು ಮೊದಲು ಎತ್ತರದ ಜೋಳದ ಮೇಲೆ ಇಳಿಯುತ್ತದೆ, ಅಲ್ಲಿ ಚುಚ್ಚಿ ಬಾಯಿ ಒರೆಸಿಕೊಂಡು ಒಳಗೆ ಬರುತ್ತದೆ. ಜೋಳಕ್ಕೆ ಆ ವೈರಸ್ ತಾಗುವುದಿಲ್ಲ. ಬಿಳಿನೊಣಕ್ಕೆ ಇದೇ ಸಾಲು ಬರೀ ಬೇಲಿ, ಬಾಯಿ ಒರೆಸುವ ಬಟ್ಟೆಯಲ್ಲ. ಅದರ ಎಂಜಲು ತುದಿಯಲ್ಲಿಲ್ಲ, ಹೊಟ್ಟೆಯಿಂದ ಬರುತ್ತಿದೆ.

ಸೊಳ್ಳೆಯ ಬಾಯಿ ಗೊತ್ತಿದೆ ಎಂದುಕೊಂಡವರೂ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬೆರಗಾಗುತ್ತಾರೆ. ಹೊರಗೆ ಕಾಣುವ ಉದ್ದ ಮೂತಿ ಚುಚ್ಚುವುದೇ ಇಲ್ಲ. ಅದು ಕೆಳದುಟಿ, ಬರೀ ಒರೆ. ಚರ್ಮಕ್ಕೆ ತಾಗಿದಾಗ ನಡುವೆ ಬಿಲ್ಲಿನ ಹಾಗೆ ಬಾಗಿ ಹಿಂದೆ ಸರಿಯುತ್ತದೆ. ಒಳಗೆ ಹೋಗುವುದು ಆರು ಎಳೆ. ಮೇಲ್ದುಟಿ ಎಳೆದು ನೆತ್ತರು ಹೀರುವ ಕೊಳವೆಯಾಗಿದೆ. ಎರಡು ಜೋಡಿ ದವಡೆಗಳು ತೆಳು ಅಲಗುಗಳಾಗಿವೆ, ಅದರಲ್ಲಿ ಒಂದು ಜೋಡಿಗೆ ಗರಗಸದ ಹಲ್ಲಿವೆ. ಆರನೆಯದು ಆ ನಾಲಿಗೆ, ಅದರ ನಡುವೆ ಜೊಲ್ಲಿನ ನಾಳ. ಇಲ್ಲಿಯೂ ಎರಡು ಕಾಲುವೆ, ಒಂದು ಬರಲು, ಒಂದು ಹೋಗಲು. ಗಂಡು ಸೊಳ್ಳೆಗೆ ಕೊರೆಯುವ ಈ ಅಲಗುಗಳು ಬೆಳೆದೇ ಇರುವುದಿಲ್ಲ. ಅದು ಹೂವಿನ ರಸ ಕುಡಿದುಕೊಂಡು ಬದುಕುತ್ತದೆ.

ಸೊಳ್ಳೆ ಒಂದೇ ಏಟಿಗೆ ನೆತ್ತರಿನ ನಾಳ ಹುಡುಕಿಕೊಳ್ಳುವುದಿಲ್ಲ. ಇಳಿಸುತ್ತದೆ, ಸಿಗಲಿಲ್ಲ, ಅರ್ಧ ಎಳೆದುಕೊಂಡು ಮತ್ತೊಂದು ಕಡೆ ಓರೆಯಾಗಿ ಇಳಿಸುತ್ತದೆ. ಪ್ರತಿ ಸಲವೂ ಜೊಲ್ಲು ಬಿಡುತ್ತಲೇ ಇರುತ್ತದೆ. ನೆತ್ತರು ಹೆಪ್ಪುಗಟ್ಟದಿರಲು, ನಾಳ ಹಿಗ್ಗಲು ಅದಕ್ಕೆ ಜೊಲ್ಲು ಬೇಕು. ಆಮೇಲೆ ನಾವು ಕೆರೆದುಕೊಳ್ಳುವುದು ಚುಚ್ಚಿದ ಗಾಯವನ್ನಲ್ಲ, ಆ ಜೊಲ್ಲಿಗೆ ಮೈ ಸಿಟ್ಟಾದದ್ದನ್ನು.

ಮಲೇರಿಯಾದ ಕತೆಯೂ ಇದೇ ದಾರಿಯಲ್ಲಿ ಬಿಚ್ಚಿಕೊಂಡಿತು, ಅದೂ ನಮ್ಮ ಪಕ್ಕದಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಒಂದು ಸೊಳ್ಳೆಯ ಹೊಟ್ಟೆ ಸೀಳಿ ನೋಡಿದರು. ಮಲೇರಿಯಾ ರೋಗಿಯ ನೆತ್ತರು ಕುಡಿದ ಸೊಳ್ಳೆ ಅದು. ಹೊಟ್ಟೆಯ ಗೋಡೆಯಲ್ಲಿ ಗಂಟುಗಂಟಾಗಿ ರೋಗಾಣು ಬೆಳೆಯುತ್ತಿತ್ತು. ಆದರೆ ಹೊಟ್ಟೆಯಲ್ಲಿದ್ದದ್ದು ಇನ್ನೊಬ್ಬ ಮನುಷ್ಯನಿಗೆ ಬರುವುದು ಹೇಗೆ? ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಬರಬಹುದು ಎನ್ನುವ ಊಹೆ ಆಗ ಇತ್ತು. ಮರುವರ್ಷ 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಬೆನ್ನು ಹತ್ತಿದ ರಾಸ್, ಅದೇ ರೋಗಾಣು ಹೊಟ್ಟೆಯಿಂದ ಹೊರಟು ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಸೇರಿಕೊಂಡದ್ದನ್ನು ಕಂಡರು. ಅಲ್ಲಿಗೆ ಗಂಟು ಬಿಚ್ಚಿತು. ರೋಗ ಬರುವುದು ಸೊಳ್ಳೆ ಕುಡಿದದ್ದರಿಂದಲ್ಲ, ಉಗುಳಿದ್ದರಿಂದ.

ಡೆಂಗೂ ವೈರಸ್‌ಗೂ ಇದೇ ಪ್ರಯಾಣ. ಕರುಳಿನ ಕೋಶದೊಳಕ್ಕೆ ಹೋಗಿ, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು, ಜೊಲ್ಲಿನ ಗ್ರಂಥಿಗೆ ಮುಟ್ಟಲು ಸುಮಾರು 8ರಿಂದ 12 ದಿನ ಹಿಡಿಯುತ್ತದೆ. ಹಾಗಾಗಿ ನಿನ್ನೆ ರೋಗಿಯನ್ನು ಕಚ್ಚಿದ ಸೊಳ್ಳೆ ಇವತ್ತು ನಿಮ್ಮನ್ನು ಕಚ್ಚಿದರೆ ಡೆಂಗೂ ಬರುವುದಿಲ್ಲ. ಅಪಾಯ ಇರುವುದು ಅಷ್ಟು ದಿನ ಬದುಕಿದ ಮುದಿ ಸೊಳ್ಳೆಯಿಂದ. ಹಗಲು ಕಚ್ಚುವ ಈ ಸೊಳ್ಳೆ ಹುಟ್ಟುವುದು ಚರಂಡಿಯಲ್ಲಲ್ಲ, ಮನೆಯ ಬ್ಯಾರಲ್ಲು, ಸಿಮೆಂಟ್ ತೊಟ್ಟಿಗಳಲ್ಲಿ. ನಳದ ನೀರು ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಜನ ನೀರು ತುಂಬಿಡದೆ ಇನ್ನೇನು ಮಾಡಬೇಕು? ಮೊಟ್ಟೆಯಿಂದ ರೆಕ್ಕೆ ಬರುವ ತನಕ ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಗೋಡೆ ತಿಕ್ಕಿ ಒಣಗಿಸಿ ಎನ್ನುವುದು ಈ ಲೆಕ್ಕದಿಂದ ಬಂದದ್ದು. ತಿಕ್ಕದಿದ್ದರೆ ನೀರಂಚಿಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ಕಾಯುತ್ತದೆ.

ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸರ್, ಹಂಗಾದ್ರ ಸೊಳ್ಳಿಯಿಂದ ಎಚ್‌ಐವಿ ಯಾಕ ಬರಂಗಿಲ್ಲ?" ಉತ್ತರ ಎರಡು ಕಾಲುವೆಯಲ್ಲೇ ಇದೆ. ಸೊಳ್ಳೆ ಇಂಜೆಕ್ಷನ್ ಸಿರಿಂಜ್ ಅಲ್ಲ. ಹೀರಿದ ನೆತ್ತರನ್ನು ಮುಂದಿನವರಿಗೆ ಒತ್ತುವುದಿಲ್ಲ, ಅದು ಒಂದೇ ದಿಕ್ಕಿನ ದಾರಿ. ಎಚ್‌ಐವಿ ಸೊಳ್ಳೆಯ ಕರುಳಿನ ಕೋಶದೊಳಗೆ ಹೋಗಲಾರದು, ಅಲ್ಲೇ ಜೀರ್ಣವಾಗಿ ಸಾಯುತ್ತದೆ. ಜೊಲ್ಲಿಗೆ ಬರುವುದೇ ಇಲ್ಲ. ಸೂಜಿಯ ಹೊರಮೈಗೆ ಮೆತ್ತಿದ ನೆತ್ತರು ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಹಾಗಂತ ಸೂಜಿಗೆ ಮೆತ್ತಿಕೊಂಡು ಯಾವ ರೋಗವೂ ದಾಟುವುದಿಲ್ಲ ಎಂದಲ್ಲ. 2022ರಲ್ಲಿ ರಾಜ್ಯದ ತುಂಬ ದನಗಳಿಗೆ ಚರ್ಮಗಂಟು ರೋಗ ಬಂದದ್ದು ನೆನಪಿರಬೇಕು. ಮೈ ತುಂಬ ಗಂಟು, ಆ ಗಂಟುಗಳಲ್ಲಿ ರಾಶಿ ವೈರಸ್. ಅದನ್ನು ಹೊತ್ತವುಗಳಲ್ಲಿ ಮುಖ್ಯವಾದದ್ದು ಕಚ್ಚುವ ನೊಣ. ನೋಡಲು ಮನೆಯ ನೊಣದ ಹಾಗೇ ಇರುತ್ತದೆ, ಆದರೆ ತಲೆಯ ಮುಂದೆ ಗಟ್ಟಿ ಮೊಳೆಯಂಥ ಬಾಯಿ ಚಾಚಿರುತ್ತದೆ. ಎತ್ತು ನಿಂತಲ್ಲೇ ಕಾಲು ಝಾಡಿಸುತ್ತಿದ್ದರೆ ಬಗ್ಗಿ ನೋಡಿ, ಮೊಣಕಾಲಿನ ಕೆಳಗೆ ತಲೆ ಮೇಲಾಗಿ ಕೂತಿರುತ್ತದೆ. ಅದರ ಕಡಿತಕ್ಕೆ ನೋವು ಜೋರು. ದನ ಓಡಿಸುತ್ತದೆ, ಅರ್ಧ ಊಟಕ್ಕೆ ಎದ್ದು ಪಕ್ಕದ ದನಕ್ಕೆ ಹೋಗಿ ಊಟ ಮುಂದುವರಿಸುತ್ತದೆ. ಬಾಯಿ ದೊಡ್ಡದು, ಊಟ ಅರ್ಧಕ್ಕೆ ನಿಂತದ್ದು, ವೈರಸ್ ರಾಶಿ ಇದ್ದದ್ದು, ಅದೂ ಬೇಗ ಸಾಯದ ಜಾತಿಯದು. ಈ ನಾಲ್ಕೂ ಕೂಡಿದ್ದರಿಂದ ಬರೀ ಮೆತ್ತಿಕೊಂಡದ್ದೇ ಸಾಕಾಯಿತು. ಎಚ್‌ಐವಿ ವಿಷಯದಲ್ಲಿ ಈ ನಾಲ್ಕು ಕೂಡುವುದಿಲ್ಲ.

ಮನೆಯ ನೊಣಕ್ಕೆ ಕಚ್ಚಲು ಬಾರದು. ಅದಕ್ಕೆ ದವಡೆಯೇ ಇಲ್ಲ. ಕೆಳದುಟಿಯ ತುದಿ ಎರಡು ಮೆತ್ತನೆ ದಿಂಬಾಗಿ ಉಬ್ಬಿದೆ, ದಿಂಬಿನ ತುಂಬ ಕೂದಲೆಳೆಯಂಥ ಕಾಲುವೆಗಳು. ಒಂದು ಬೆಲ್ಲದ ಚೂರಿನ ಮೇಲೆ ನೊಣ ಕೂತಾಗ ಭೂತಗನ್ನಡಿ ಹಿಡಿದು ಅಲುಗಾಡದೆ ಕೂರಿ. ಮಡಚಿಟ್ಟಿದ್ದ ಸೊಂಡಿಲು ಕೆಳಗಿಳಿಯುತ್ತದೆ, ದಿಂಬು ಅಗಲವಾಗುತ್ತದೆ, ಬೆಲ್ಲದ ಮೇಲೆ ಒಂದು ಹನಿ ಮಿಣುಗುತ್ತದೆ. ಆ ಹನಿ ನೊಣದ್ದು. ಘನ ಪದಾರ್ಥ ನುಂಗಲಾರದ್ದಕ್ಕೆ ಅದು ಮೊದಲು ಉಗುಳಿ ಕರಗಿಸಬೇಕು, ಆಮೇಲೆ ದಿಂಬಿನಿಂದ ಒತ್ತಿ ಹೀರಬೇಕು.

ಆ ಹನಿಯಲ್ಲಿ ಬರೀ ಜೊಲ್ಲಿದ್ದರೆ ಅಷ್ಟು ಹೇಸಿಗೆಯಿರಲಿಲ್ಲ. ನೊಣದ ಹೊಟ್ಟೆಗೆ ಮುಂಚೆ ಒಂದು ಚೀಲ ಇದೆ, ಕುಡಿದದ್ದನ್ನು ಮೊದಲು ಅಲ್ಲಿ ತುಂಬಿಟ್ಟುಕೊಳ್ಳುತ್ತದೆ. ಹೊಸ ತಿಂಡಿಯ ಮೇಲೆ ಕಕ್ಕುವಾಗ ಆ ಚೀಲದ್ದೂ ಬರುತ್ತದೆ. ಸಂಜೆ ಹೊತ್ತು ಒಗ್ಗರಣೆ ಮಂಡಕ್ಕಿಯ ಮೇಲೆ ಕೂತ ನೊಣ ಅದಕ್ಕೆ ಮುಂಚೆ ಎಲ್ಲಿ ಕೂತಿತ್ತು ಎನ್ನುವುದೇ ಪ್ರಶ್ನೆ. ಹೋಟೆಲಿನ ಹಿಂದಿನ ಮೋರಿ ಇಪ್ಪತ್ತು ಹೆಜ್ಜೆ. ಭೇದಿ, ಟೈಫಾಯ್ಡ್, ಕಾಲರಾದ ರೋಗಾಣುಗಳು ಅಲ್ಲಿಂದ ತಟ್ಟೆಗೆ ಬರಲು ಈ ಚೀಲ, ಈ ದಿಂಬು, ಆರು ಕಾಲಿನ ರೋಮ ಸಾಕು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ನೂರರೊಳಗೆ ಹೊಟ್ಟೆಗೆ ಹೋದರೂ ಕಾಯಿಲೆ ಹತ್ತಬಹುದು, ಒಂದು ನೊಣದ ಹೊರೆಯೇ ಸಾಕು. ಬೇರೆ ಕೆಲವಕ್ಕೆ ಹೆಚ್ಚು ಸಂಖ್ಯೆ ಬೇಕು, ಅವು ತಿಂಡಿಯ ಮೇಲೆ ಬಿದ್ದು ಕೆಲ ತಾಸು ಬೆಳೆಯಬೇಕು. ಬಾಣಲೆಯಿಂದ ಈಗಷ್ಟೇ ತೆಗೆದ ಮಿರ್ಚಿ ನನಗೆ ಅನುಮಾನ ತರುವುದಿಲ್ಲ. ಮಧ್ಯಾಹ್ನವೇ ರುಬ್ಬಿಟ್ಟ ಚಟ್ನಿ, ಕೊಯ್ದಿಟ್ಟ ಕಲ್ಲಂಗಡಿ ತರುತ್ತವೆ.

ಸೊಳ್ಳೆಯ ಹಾಗೆ ನೊಣದೊಳಗೆ ರೋಗಾಣು ಹತ್ತು ದಿನ ಸುತ್ತು ಹಾಕಬೇಕಿಲ್ಲ. ಮೋರಿಯಿಂದ ಎದ್ದ ಮರುಗಳಿಗೆಯಲ್ಲೇ ಅಪಾಯ ಶುರು. ಅದಕ್ಕೇ ನೊಣದ ವಿಷಯದಲ್ಲಿ ದೂರ ಮುಖ್ಯ, ಸೊಳ್ಳೆಯ ವಿಷಯದಲ್ಲಿ ವಯಸ್ಸು ಮುಖ್ಯ.

ಚಿಟ್ಟೆಯ ಬಾಯಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ರೋಗದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮುಗ್ಧ. ಚಿಕ್ಕ ದವಡೆಗಳ ಎರಡು ಎಳೆ ಕೂಡಿ ಉದ್ದ ಕೊಳವೆಯಾಗಿ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಬಿಚ್ಚಿ ಹೂವಿಗೆ ಇಳಿಸಿ ಹೀರುತ್ತದೆ. ಯಾವ ಜೀವಂತ ಕೋಶಕ್ಕೂ ಚುಚ್ಚುವುದಿಲ್ಲ, ಯಾರ ನೆತ್ತರಿಗೂ ಉಗುಳುವುದಿಲ್ಲ. ಒಂದೇ ತಂಟೆ ಎಂದರೆ ಅದರ ಬಾಲ್ಯ. ಕೊಪ್ಪಳ, ಕುಷ್ಟಗಿ ಕಡೆಯ ದಾಳಿಂಬೆ ಬೆಳೆಗಾರರಿಗೆ ಗೊತ್ತು, ತೋಟದಲ್ಲಿ ಹಾರಾಡುವ ಒಂದು ಚೆಂದದ ಚಿಟ್ಟೆ ಹೂವು, ಎಳೆಕಾಯಿಗಳ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಹುಟ್ಟುವ ಮರಿಗೆ ಕಡಿಯುವ ಬಾಯಿ. ಅದು ಕಾಯಿ ಕೊರೆದು ಒಳಗೆ ತಿನ್ನುತ್ತದೆ, ಆ ತೂತಿನಿಂದ ಕೊಳೆ ಸೇರುತ್ತದೆ. ಒಂದೇ ಜೀವಕ್ಕೆ ಎರಡು ವಯಸ್ಸಿನಲ್ಲಿ ಎರಡು ಬಾಯಿ. ಇನ್ನೊಂದು ಅಪವಾದ ರಾತ್ರಿ ಬರುವ ದೊಡ್ಡ ಪತಂಗ. ಅದರ ಸುರುಳಿಯ ತುದಿ ಮಾತ್ರ ಗಟ್ಟಿ, ಮುಳ್ಳುಮುಳ್ಳು. ಹಣ್ಣಿನ ಸಿಪ್ಪೆಗೆ ಸೂಜಿ ಚುಚ್ಚಿದಂಥ ತೂತು ಮಾಡಿ ರಸ ಕುಡಿಯುತ್ತದೆ. ಬೆಳಗ್ಗೆ ನೋಡಿದರೆ ತೂತಿನ ಸುತ್ತ ಮೆತ್ತಗೆ, ನಾಲ್ಕು ದಿನಕ್ಕೆ ಕೊಳೆತು ಉದುರುತ್ತದೆ. ಅದು ರೋಗ ತರುವುದಿಲ್ಲ, ಬಾಗಿಲು ತೆರೆದು ಹೋಗುತ್ತದೆ.

ಕಾಕಾನ ಹೊಲದಲ್ಲಿ ನಾವು ಮಾಡಿದ್ದು ಇಷ್ಟು. ಒಂದು ಸಾಲಿನಲ್ಲಿ 50 ಗಿಡ ಎಣಿಸಿ ಒಂದೊಂದರ ಚಿಗುರು ನೋಡಿದೆವು. ಹೆಚ್ಚಿನವುಗಳಲ್ಲಿ ಎಲೆಯ ಅಂಚು ಮೇಲಕ್ಕೆದ್ದು ದೋಣಿಯ ಹಾಗಾಗಿತ್ತು. ತಿರುಗಿಸಿದರೆ ಅಡಿಯಲ್ಲಿ ಕೆರೆದಂಥ ಕಂದು, ಬೆಳ್ಳಿ ಬಣ್ಣದ ಗೆರೆಗಳು. ಅದು ಥ್ರಿಪ್ಸ್ ನುಸಿಯ ಕೆಲಸ. ಎಲೆಯಂಚು ಕೆಳಕ್ಕೆ ಮಗುಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ಎನ್ನಬಹುದಿತ್ತು, ಅದು ಎಂಟು ಕಾಲಿನದು, ಕೀಟವೇ ಅಲ್ಲ. ಅಂಥದ್ದು ಆ ಸಾಲಿನಲ್ಲಿ ಇರಲಿಲ್ಲ. 50ರಲ್ಲಿ ಒಂಬತ್ತು ಗಿಡ ಮಾತ್ರ ಬೇರೆ ಥರ. ಎಲೆ ಮೇಲಕ್ಕೆ ಸುರುಳಿಯಾಗಿದ್ದದ್ದಷ್ಟೇ ಅಲ್ಲ, ಚಿಕ್ಕದಾಗಿ, ನರ ದಪ್ಪಗಾಗಿ, ನರದ ನಡುವೆ ಹಳದಿಯಾಗಿ, ಗೆಣ್ಣು ಗಿಡ್ಡವಾಗಿ ತುದಿ ಪೊದೆಗಟ್ಟಿತ್ತು. ಅದು ವೈರಸ್.

"ಇವು ಯಾವಾಗಿನಿಂದ ಹಿಂಗಾಗ್ಯಾವು?" ಕೇಳಿದೆ.

"ಇವೆರಡು ನಾಟಿ ಮಾಡಿ ಎಂಟು ದಿನಕ್ಕನ ಸೊಟ್ಟ ಇದ್ದುವು. ನಾ ಬೇರು ಹಿಡಿದಿಲ್ಲೇನೋ ಅನ್ಕೊಂಡೆ."

ಲೆಕ್ಕ ಅಲ್ಲೇ ಸಿಕ್ಕಿತು. ಬಿಳಿನೊಣ ಜೊಲ್ಲು ಇಳಿಸಿದ ಮೇಲೆ ಎಲೆ ಮುರುಟಲು ಎರಡು ಮೂರು ವಾರ ಬೇಕು. ನಾಟಿಯಾಗಿ ಎಂಟೇ ದಿನಕ್ಕೆ ಕಂಡಿತು ಎಂದರೆ ಸಸಿ ಮಡಿಯಲ್ಲೇ ಎಂಜಲಾಗಿತ್ತು. ಸಸಿ ತಂದದ್ದು ಬಲೆ ಕಟ್ಟದ ಒಂದು ಬಯಲು ನರ್ಸರಿಯಿಂದ. ಚುಚ್ಚಿದ ಆ ಬಿಳಿನೊಣ ಬಹುಶಃ ಈಗ ಬದುಕಿಲ್ಲ. ಕಾಕಾ ಎರಡು ಸಲ ಹೊಡೆದ ಎಣ್ಣೆಗೆ ಕೊಲ್ಲಲು ಕಡಿಯುವ ಬಾಯಿಯ ಹುಳ ಅಲ್ಲಿ ಇರಲೇ ಇಲ್ಲ. ಉಳಿದ ಏಳು ಗಿಡಗಳಿಗೆ ಆ ಎರಡು ಗಿಡಗಳಿಂದಲೇ ಹಬ್ಬಿರಬೇಕು, ಎಲ್ಲವೂ ಅವುಗಳ ಅಕ್ಕಪಕ್ಕದಲ್ಲೇ ಇದ್ದವು.

ವೈರಸ್ ಹತ್ತಿದ ಗಿಡಗಳನ್ನು ಹೊಲದ ತುಂಬ ಹುಡುಕಿ ಕಿತ್ತು, ಚೀಲದಲ್ಲಿ ಕಟ್ಟಿ ಒಯ್ದು ಹೂಳಿದೆವು. ಕಿತ್ತು ಬದುವಿನ ಮೇಲೆ ಒಗೆದರೆ ಬಿಳಿನೊಣ ಎದ್ದು ಪಕ್ಕದ ಗಿಡಕ್ಕೇ ಹೋಗುತ್ತದೆ. ಉಳಿದದ್ದಕ್ಕೆ ರಸ ಹೀರುವ ಹುಳದ ಔಷಧಿ, ಎಲೆಯ ಅಡಿಗೆ ತಾಗುವ ಹಾಗೆ. ಗಿಡದ ರಸಕ್ಕೆ ಸೇರುವ ಅಂಥ ಔಷಧಿಗೂ ಒಂದು ಮಿತಿ ಇದೆ ಎಂದು ಹೇಳಿದೆ. ಹುಳ ರಸ ಕುಡಿದ ಮೇಲೆ ಸಾಯುತ್ತದೆ, ಕುಡಿಯುವ ಮೊದಲು ಉಗುಳಿರುತ್ತದೆ. ಹೊರಗಿನಿಂದ ರೋಗ ಹೊತ್ತು ಬಂದ ಬಿಳಿನೊಣದ ಮೊದಲ ಗಿಡವನ್ನು ಅದು ಉಳಿಸಲಾರದು, ಹತ್ತನೆಯದನ್ನು ಉಳಿಸಬಹುದು.

ಹತ್ತು ಹನ್ನೆರಡು ದಿನ ಬಿಟ್ಟು ಹೊಸ ಚಿಗುರು ನೋಡು ಎಂದೆ. ಚಿಗುರು ಚೊಕ್ಕ ಬಂದರೆ ಅದು ನುಸಿಯದೇ ಕಾಟ, ಸುಧಾರಿಸುತ್ತದೆ. ಚಿಗುರೂ ಸೊಟ್ಟಗೇ ಬಂದರೆ ಆ ಗಿಡದಲ್ಲಿ ವೈರಸ್ ಇದೆ, ಕಿತ್ತುಬಿಡು. ಎರಡು ವಾರಕ್ಕೆ ಫೋನ್ ಬಂತು. ಹೆಚ್ಚಿನವು ಚೊಕ್ಕ ಚಿಗುರಿದ್ದವು. ಇನ್ನೂ ಮೂವತ್ತು ನಲವತ್ತು ಕಿತ್ತನಂತೆ.

ಈ ವರ್ಷ ಸಸಿ ತಾನೇ ಹಾಕಿದ್ದಾನೆ, ಮಡಿಯ ಮೇಲೆ 50 ಮೆಶ್‌ನ ನೈಲಾನ್ ಬಲೆ ಕಟ್ಟಿ. ಮೊನ್ನೆ ಹೋದಾಗ ಬಲೆಗೆ ಮುಖ ಹಚ್ಚಿ ಕೂತಿದ್ದ.

"ಬಿಳಿ ನೊಣ ಒಂದೂ ಒಳಗ ಇಲ್ಲ. ಆದ್ರ ನಿನ್ನ ಥ್ರಿಪ್ಸ್ ನೋಡು, ಬಲಿ ಒಳಗೂ ಬಂದಾವು. ಅದರ ಬಾಯಿ ಎಂಥಾದ್ದಲೇ?"

ಥ್ರಿಪ್ಸಿನ ಮೈ ಆ ಕಣ್ಣಿನಲ್ಲಿ ನುಸುಳುವಷ್ಟು ತೆಳು. ಬಾಯಿ ಇನ್ನೂ ವಿಚಿತ್ರ: ಎಡಗಡೆಯ ದವಡೆ ಒಂದೇ ಇದೆ, ಬಲಗಡೆಯದು ಬೆಳೆಯುವುದೇ ಇಲ್ಲ. ಇರುವ ಒಂದರಿಂದ ಎಲೆಯ ಮೈಗೆ ಕುಟ್ಟಿ ತೂತು ಮಾಡಿ ಸೋರಿದ್ದನ್ನು ಹೀರುತ್ತದೆ. ಶೇಂಗಾಕ್ಕೆ ಮೊಗ್ಗು ಸಾಯುವ ರೋಗ ಹಚ್ಚುವುದು ಈ ಕುಲದ್ದೇ ಒಂದು ಹುಳ. ಅದರಲ್ಲಿಯೂ ವೈರಸ್ ಹತ್ತುವುದು ಮರಿಯಾಗಿದ್ದಾಗ ಹೀರಿದರೆ ಮಾತ್ರ, ಹಬ್ಬಿಸುವುದು ರೆಕ್ಕೆ ಬಂದ ಮೇಲೆ.

"ಒಂದ ದವಡಿ?" ಎಂದು ಕಾಕಾ ನನ್ನ ಕೈಯ ಭೂತಗನ್ನಡಿ ಇಸಿದುಕೊಂಡ. ಅದರಲ್ಲಿ ದವಡೆ ಕಾಣುವುದಿಲ್ಲ ಎಂದು ಹೇಳಿದರೂ ಎಲೆ ತಿರುವಿ ತಿರುವಿ ಬಹಳ ಹೊತ್ತು ನೋಡುತ್ತಲೇ ಇದ್ದ.